ಹತ್ತು ನಿಮಿಷ, ಒಂದು ಬಕೆಟ್

ಇಮೇಲ್ ಬಂದಾಗ ವೈವಾಕ್ಕೆ ಹನ್ನೆರಡು ದಿನ ಉಳಿದಿತ್ತು. ಕೊನೆಯ ಸಾಲಿನಲ್ಲಿ ಒಂದು ಸೂಚನೆ: ಪ್ರೆಸೆಂಟೇಷನ್ ಹತ್ತು ನಿಮಿಷಕ್ಕೆ ಮುಗಿಯಬೇಕು. ನನ್ನ ಥೀಸಿಸ್ 264 ಪುಟ, ಆರು ಅಧ್ಯಾಯ. ಎಣ್ಮಕಜೆ ಕಡೆಯ ಸುರಂಗಗಳಲ್ಲಿ ಬೇಸಿಗೆಗೆ ನೀರು ಹೇಗೆ ಇಳಿಯುತ್ತದೆ, ಅದನ್ನು ಮೊದಲೇ ಹೇಳಲು ಬರುತ್ತದಾ ಎಂಬುದು ವಿಷಯ.

ಕಾಸರಗೋಡಿನ ಗುಡ್ಡದ ಬದಿಯವರಿಗೆ ಸುರಂಗ ಅಂದರೆ ಏನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ: ಇದು ಮಲಗಿಸಿದ ಬಾವಿ. ಗುಡ್ಡದ ಬದಿಯಿಂದ ಒಳಕ್ಕೆ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲ ಎತ್ತರದಲ್ಲಿ, ಪಿಕ್ಕಾಸಿನಿಂದ ಕೊರೆಯುತ್ತಾರೆ. ಉದ್ದವನ್ನು ಕೋಲಿನಲ್ಲಿ ಅಳೆಯುತ್ತಾರೆ, ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ಮಳೆಗಾಲದ ನೀರು ಮುರಕಲ್ಲು ಎಂಬ ಕೆಂಪು ಕಲ್ಲಿನ ತೂತುಗಳಲ್ಲಿ ಇಳಿಯುತ್ತದೆ. ಕೆಳಗೆ ನೀರು ಸುಲಭವಾಗಿ ಬಿಡದ ಜೇಡಿಮಣ್ಣಿನ ಪದರ ಸಿಕ್ಕಾಗ ಅಲ್ಲಿ ನಿಲ್ಲುತ್ತದೆ. ಸುರಂಗ ಅಲ್ಲಿಗೆ ತಲುಪಿದರೆ ಗೋಡೆಯಿಂದ ನೀರು ಒಸರಿ ತಾನಾಗಿ ಹೊರಗೆ ಹರಿಯುತ್ತದೆ. ಪಂಪು ಬೇಡ, ಕರೆಂಟು ಬೇಡ.

ಮೊದಲ ಸಲ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಆರು ಅಧ್ಯಾಯಕ್ಕೆ ಹತ್ತು ನಿಮಿಷವನ್ನು ಹಂಚಿದೆ. ಅಧ್ಯಾಯಕ್ಕೆ ಒಂದೂವರೆ ನಿಮಿಷ, ಉಳಿದದ್ದು ವಂದನೆಗೆ. ಬರೆದು ನೋಡಿದರೆ ಸುಮಾರು 2,400 ಪದ. ನನ್ನ ಇಂಗ್ಲಿಷ್ ಓದಿನ ವೇಗವನ್ನು ಫೋನಿನಲ್ಲಿ ಅಳೆದೆ. ನಿಮಿಷಕ್ಕೆ 115 ಪದ. ಅಂದರೆ ಸುಮಾರು ಇಪ್ಪತ್ತೊಂದು ನಿಮಿಷದ ಮಾತು. ಜೋರಾಗಿ ಓದಿ ಹತ್ತಕ್ಕೆ ತರಬಹುದೇನೋ, ಆದರೆ ಕೇಳುವವರಿಗೆ ಅದು ಯಕ್ಷಗಾನದ ಯುದ್ಧದ ಚೆಂಡೆಯ ಹಾಗಿರುತ್ತದೆ.

ಆ ಸ್ಕ್ರಿಪ್ಟನ್ನೇ ಒಂದಿಷ್ಟು ಕತ್ತರಿಸಿ ಡಿಪಾರ್ಟ್‌ಮೆಂಟಿನಲ್ಲಿ ರಿಹರ್ಸಲ್ ಮಾಡಿದೆ. ಕೇಳಲು ಅರ್ಥಶಾಸ್ತ್ರದ ಒಬ್ಬ ಮೇಷ್ಟ್ರೂ ಬಂದಿದ್ದರು. ಮೂರನೇ ಸ್ಲೈಡಿನಲ್ಲಿ 'ರಿಸೆಷನ್ ಕರ್ವ್' ಅಂತ ಹೇಳಿದೆ. ನಮಗೆ ಅದು ಮಳೆ ನಿಂತ ಮೇಲೆ ಹರಿವು ಇಳಿಯುವ ಗೆರೆ. ಅವರು ಕೈ ಎತ್ತಿ ಕೇಳಿದರು: "ಇದು 2008ರ ರಿಸೆಷನ್ನಾ, ಅಡಿಕೆ ರೇಟಿಗೆ ಸಂಬಂಧ ಇದೆಯಾ?" ಎಲ್ಲರೂ ನಕ್ಕರು. ಅವರು ನಗಲಿಲ್ಲ, ನಿಜವಾಗಿಯೂ ಕೇಳಿದ್ದರು. ಅವರಿಗೆ ಆ ಪದಕ್ಕೆ ಇರುವುದೇ ಆರ್ಥಿಕ ಹಿಂಜರಿತ ಎಂಬ ಅರ್ಥ. ಮುಂದೆ 'ಈಲ್ಡ್' ಬಂತು. ನನಗೆ ಅದು ಸುರಂಗ ಕೊಡುವ ನೀರು. ಅವರಿಗೆ ಎಕರೆಗೆ ಎಷ್ಟು ಅಡಿಕೆ ಎಂಬ ಲೆಕ್ಕ. ಸುರಂಗ ಎಂಬುದಕ್ಕೆ ನಾನು ಹಾಕಿದ್ದ 'ಟನಲ್' ಪದ ಕೇಳಿ ಸಿವಿಲ್ ಎಂಜಿನಿಯರಿಂಗ್‌ನವರು ರೈಲಿನ ಸುರಂಗ ಅಂದುಕೊಂಡಿದ್ದರಂತೆ. ಗೊತ್ತಿಲ್ಲದ ಪದ ಬಂದರೆ ಜನ ಕೇಳುತ್ತಾರೆ. ಗೊತ್ತಿರುವ ಪದ ಬೇರೆ ಅರ್ಥದಲ್ಲಿ ಬಂದರೆ ಕೇಳುವುದಿಲ್ಲ, ತಲೆ ಆಡಿಸಿಕೊಂಡು ಕೂತಿರುತ್ತಾರೆ. ಅವರು ದಾರಿ ತಪ್ಪಿದ್ದಾರೆ ಎಂದು ನಮಗೆ ಗೊತ್ತಾಗುವುದೇ ಪ್ರಶ್ನೋತ್ತರದಲ್ಲಿ.

ನನ್ನ ವೈವಾಕ್ಕೆ ಬರುವವರಲ್ಲಿ ಭೂವಿಜ್ಞಾನದವರು ಒಬ್ಬರೇ. ಇನ್ನೊಬ್ಬರು ಸಿವಿಲ್, ಅಧ್ಯಕ್ಷರು ಕೃಷಿ ಅರ್ಥಶಾಸ್ತ್ರ. ಸ್ಕ್ರಿಪ್ಟನ್ನು ಮುಂದಿಟ್ಟು ಪ್ರತಿ ಪಾರಿಭಾಷಿಕ ಪದದ ಕೆಳಗೆ ಗೆರೆ ಎಳೆದು, ಈ ಮೂವರಲ್ಲಿ ಯಾರು ಇದನ್ನು ಬೇರೆ ರೀತಿ ಕೇಳುತ್ತಾರೆ ಅಂತ ನೋಡಿದೆ. ಉಳಿಸಿಕೊಂಡದ್ದು ಎರಡೇ: ಸುರಂಗ, ಮತ್ತು ಹರಿವು ಅರ್ಧವಾಗುವ ಕಾಲ. ಸುರಂಗವನ್ನು ಇಂಗ್ಲಿಷಿಗೆ ತರಲೇ ಇಲ್ಲ. 'ಸುರಂಗ' ಅಂತಲೇ ಹೇಳಿ, ಒಂದು ಅಡ್ಡಕೊಯ್ತದ ಚಿತ್ರ ತೋರಿಸಿದೆ.

ಆದರೂ ಮಾತು ಒಣಗಿಕೊಂಡೇ ಇತ್ತು. ವಾರದ ಕೊನೆಗೆ ಊರಿಗೆ ಹೋದೆ. ನಾನು ನೀರು ಅಳೆದ ಸುರಂಗಗಳಲ್ಲಿ ಒಂದು ದೊಡ್ಡಪ್ಪನ ತೋಟದ್ದು. ಸಂಜೆ ಜಗಲಿಯಲ್ಲಿ ಅವರನ್ನು ಕೂರಿಸಿ ಕನ್ನಡದಲ್ಲಿ ಹೇಳಿ ನೋಡಿದೆ. "ಡಿಸೆಂಬರಿನಲ್ಲಿ ನಿಮಿಷಕ್ಕೆ ಹನ್ನೆರಡು ಲೀಟರ್, ಮೇಯಲ್ಲಿ ಒಂದೂವರೆ" ಅನ್ನುವಲ್ಲಿಗೆ ಬಂದಾಗ ದೊಡ್ಡಪ್ಪ ಎಲೆಯಡಿಕೆಯ ಹರಿವಾಣ ಪಕ್ಕಕ್ಕೆ ಸರಿಸಿದರು.

"ಅಲ್ಲ ಕೂಸೇ, ನೀನು ಅಳೆದದ್ದು ಬಕೆಟಿನಲ್ಲಿ ಅಲ್ವಾ?"

"ಹೌದು ದೊಡ್ಡಪ್ಪ."

"ವಾರ ವಾರ ಬಂದು ಬಕೆಟ್ ಇಟ್ಟು ವಾಚು ನೋಡಿಕೊಂಡು ನಿಂತವಳು ನೀನು. ಮತ್ತೆ ಆ ಲೀಟರ್ ಲೆಕ್ಕ ಯಾಕೆ? ಎಷ್ಟು ಹೊತ್ತು ನಿಂತೆ ಅಂತ ಹೇಳು."

ಮೂರು ವರ್ಷ ನನಗೆ ಹೊಳೆಯದೇ ಇದ್ದದ್ದು ಇದು. ನಾನು ಅಳೆದದ್ದು ಸಮಯವನ್ನು. ಕೊಳವೆಯ ಬಾಯಿಗೆ 20 ಲೀಟರ್ ಬಕೆಟ್ ಹಿಡಿದು, ಅಂಚಿಗೆ ಬರುವವರೆಗಿನ ಸೆಕೆಂಡು ಬರೆದುಕೊಳ್ಳುವುದು. ಮೂರು ಸಲ ಅಳೆದು ನಡುವಿನದ್ದನ್ನು ತೆಗೆದುಕೊಳ್ಳುವುದು, ಯಾಕೆಂದರೆ ಒಮ್ಮೆಯಾದರೂ ನೀರು ಹೊರಗೆ ಚೆಲ್ಲುತ್ತದೆ. ಮನೆಗೆ ಬಂದು ಸೆಕೆಂಡನ್ನು ಲೀಟರಿಗೆ, ಲೀಟರನ್ನು ಲಾಗರಿದಮ್ಮಿಗೆ ತಿರುಗಿಸಿ ಗ್ರಾಫ್ ಹಾಕಿದ್ದೆ. ಅಲ್ಲಿಗೆ ಬಕೆಟ್ ಮಾಯವಾಗಿತ್ತು.

ಆ ರಾತ್ರಿಯೇ ಸ್ಕ್ರಿಪ್ಟನ್ನು ಬಿಸಾಡಿ ಹೊಸದಾಗಿ ಬರೆದೆ. ಆರು ಅಧ್ಯಾಯ ಹೋಯಿತು, ದೊಡ್ಡಪ್ಪನ ಸುರಂಗ ಒಂದೇ ಉಳಿಯಿತು. ಶುರುವಿನ ಮಾತು ಹೀಗಿತ್ತು: "ನಾನು ಹತ್ತು ನಿಮಿಷ ಮಾತಾಡುತ್ತೇನೆ. ಮೇ ಕೊನೆಯಲ್ಲಿ, ನಾನು ಶುರು ಮಾಡುವಾಗ ಈ ಸುರಂಗದ ಬಾಯಿಗೆ 20 ಲೀಟರ್ ಬಕೆಟ್ ಇಟ್ಟರೆ, ನಾನು ಮುಗಿಸುವಾಗ ಅದು ಮುಕ್ಕಾಲು ತುಂಬಿರುತ್ತದೆ. ಡಿಸೆಂಬರಿನಲ್ಲಿ ಅಷ್ಟೇ ಹೊತ್ತಿನಲ್ಲಿ ಆರು ಬಕೆಟ್ ತುಂಬುತ್ತಿತ್ತು. ಮೇಯಲ್ಲಿ ಹೀಗಾಗುತ್ತದೆಂದು ಜನವರಿಯಲ್ಲೇ ಹೇಳಬಹುದಾ ಎಂಬುದು ನನ್ನ ಪ್ರಶ್ನೆ."

ಸಾಹಿತ್ಯ ವಿಮರ್ಶೆಯ 40 ಪುಟಕ್ಕೆ ಒಂದೇ ವಾಕ್ಯ ಕೊಟ್ಟೆ: ಇರಾನಿನ ಕನಾತ್ ಎಂಬ ಉದ್ದುದ್ದ ನೀರಿನ ಸುರಂಗಗಳ ಬಗ್ಗೆ ತುಂಬಾ ಓದು ನಡೆದಿದೆ, ಆದರೆ ಮುರಕಲ್ಲಿನ ಗುಡ್ಡದ ಸುರಂಗ ಅದಕ್ಕಿಂತ ಚಿಕ್ಕದು, ಒಂದೊಂದು ಮನೆಯದ್ದು. ನೋವಾಯಿತು, ನಿಜ. ಆ 40 ಪುಟಕ್ಕೆ ಒಂದು ವರ್ಷ ಹೋಗಿತ್ತು.

ನಡುವಿನ ನಾಲ್ಕು ನಿಮಿಷ ಪೂರ್ತಿ ಒಂದು ಗ್ರಾಫಿಗೆ. ಡಿಸೆಂಬರ್ 1ಕ್ಕೆ ಬಕೆಟ್ ತುಂಬಲು 100 ಸೆಕೆಂಡು. ಜನವರಿ 30ಕ್ಕೆ 200. ಅರವತ್ತು ದಿನದಲ್ಲಿ ಕಾಯುವ ಹೊತ್ತು ಎರಡು ಪಟ್ಟಾಯಿತು, ಅಂದರೆ ಹರಿವು ಅರ್ಧವಾಯಿತು. ತೂತಾದ ಡ್ರಮ್ಮಿನ ಹಾಗೆ: ಒಳಗೆ ನೀರು ಕಮ್ಮಿಯಾದಷ್ಟೂ ಹೊರಗೆ ಬರುವ ವೇಗವೂ ಕಮ್ಮಿ. ಹಾಗಿದ್ದರೆ ಇನ್ನು ಅರವತ್ತು ದಿನಕ್ಕೆ, ಮಾರ್ಚ್ 31ಕ್ಕೆ 400 ಸೆಕೆಂಡು, ಮೇ 30ಕ್ಕೆ 800. ಮೇ 30ರಂದು ನಾನು ನಿಜವಾಗಿ ನಿಂತದ್ದು 780 ಸೆಕೆಂಡು, ಹದಿಮೂರು ನಿಮಿಷ. ಗ್ರಾಫಿನ ಎಡಬದಿಯಲ್ಲಿ ಲಾಗರಿದಮ್ ಎಂಬ ಪದ ತೆಗೆದು 100, 200, 400, 800 ಅಂತ ಸಮಾನ ದೂರದಲ್ಲಿ ಬರೆದೆ. "ಇಲ್ಲಿ ಒಂದೊಂದು ಮೆಟ್ಟಿಲು ಎರಡು ಪಟ್ಟು, ಹಾಗಾಗಿ ಗೆರೆ ನೇರ" ಎಂದು ಒಂದು ವಾಕ್ಯ. ಸೂತ್ರವನ್ನು ಕೊನೆಯ ಸ್ಲೈಡಿನ ಹಿಂದೆ, ಕೇಳಿದರೆ ಮಾತ್ರ ತೆಗೆಯಲು ಇಟ್ಟೆ:

```
Q = Q0 · e^(-kt)
```

Q0 ಅಂದರೆ ಶುರುವಿನ ಹರಿವು, Q ಅಂದರೆ t ದಿನ ಕಳೆದ ಮೇಲಿನ ಹರಿವು, k ಅಂದರೆ ಅದು ಇಳಿಯುವ ದರ. ಗುಡ್ಡದಲ್ಲಿ ಎಷ್ಟು ನೀರು ಉಳಿದಿದೆ ಎಂಬ ಲೆಕ್ಕಕ್ಕೂ ಇದೇ ಗೆರೆ ಸಾಕು. ದಿನದ ಹರಿವನ್ನು ಅರ್ಧವಾಗುವ ದಿನಗಳಿಂದ ಗುಣಿಸಿ, ಮತ್ತೆ ಈ ಸೂತ್ರದಿಂದಲೇ ಬರುವ 1.44ರಿಂದ ಗುಣಿಸಬೇಕು. ಡಿಸೆಂಬರ್ 1ಕ್ಕೆ ದಿನಕ್ಕೆ 17,280 ಲೀಟರ್. ಅರವತ್ತು ದಿನ. ಸುಮಾರು 15 ಲಕ್ಷ ಲೀಟರ್.

ಕೊನೆಯ ಒಂದು ನಿಮಿಷ, ಈ ಲೆಕ್ಕ ಎಲ್ಲಿ ಕೆಲಸ ಮಾಡುವುದಿಲ್ಲ ಎಂಬುದಕ್ಕೆ. ಸುರಂಗದ ತಳಕ್ಕಿಂತ ಕೆಳಗಿನ ನೀರು ಇದರಲ್ಲಿ ಇಲ್ಲ. ಗೆರೆ ನಡುವೆ ಮುರಿದು ಕೆಳಗೋ ಮೇಲಕ್ಕೋ ತಿರುಗಿದರೆ, ಒಳಗೆ ಮಣ್ಣು ಕುಸಿದಿರಬಹುದು, ಹತ್ತಿರದಲ್ಲಿ ಬೋರ್‌ವೆಲ್ ಬಂದಿರಬಹುದು. ಆದರೆ ಒಂದೇ ಸುರಂಗದ ಗೆರೆ ನೋಡಿ ಕಾರಣ ಇಂಥದ್ದೇ ಅಂತ ಹೇಳಲು ಬರುವುದಿಲ್ಲ. ಇದನ್ನು ನಾನೇ ಮೊದಲು ಹೇಳಬೇಕು ಎಂದು ನನ್ನ ಗೈಡ್ ಹಟ ಹಿಡಿದಿದ್ದರು. ಎಲ್ಲ ಸೇರಿ 980 ಪದ.

ವೈವಾದ ದಿನ ಒಂಬತ್ತು ನಿಮಿಷ ಚಿಲ್ಲರೆಯಲ್ಲಿ ಮುಗಿಸಿದೆ. ಬಕೆಟಿನ ಮಾತಿಗೆ ಅಧ್ಯಕ್ಷರು ಕಾಗದದಿಂದ ತಲೆ ಎತ್ತಿದ್ದು ಕಂಡಿತು. ಉಳಿದ ಮಾತು ಹೇಗೆ ಹೋಯಿತೋ ಸರಿಯಾಗಿ ನೆನಪಿಲ್ಲ.

ಮೊದಲ ಪ್ರಶ್ನೆ ಸಿವಿಲ್‌ನವರದ್ದು. ನಾನು ಮಾತಾಡುತ್ತಿದ್ದಾಗಲೇ ಅವರು ಪೆನ್ಸಿಲಿನಲ್ಲಿ ಏನೋ ಗೀಚುತ್ತಿದ್ದರು. "15 ಲಕ್ಷ ಲೀಟರ್ ಅಂದರೆ 1,500 ಘನ ಮೀಟರ್. ಕಲ್ಲಿನಲ್ಲಿ ಹತ್ತನೇ ಒಂದು ಪಾಲು ಜಾಗದಿಂದ ಮಾತ್ರ ನೀರು ಬಸಿಯುತ್ತದೆ ಅಂತ ಇಟ್ಟುಕೊಂಡರೆ 15,000 ಘನ ಮೀಟರ್ ಮುರಕಲ್ಲು ಬೇಕು. ನಿಮ್ಮ ಗುಡ್ಡದಲ್ಲಿ ಅಷ್ಟು ಇದೆಯಾ?" ಅಡ್ಡಕೊಯ್ತದ ಸ್ಲೈಡಿಗೆ ಹಿಂದೆ ಹೋದೆ. ನೂರು ಮೀಟರ್ ಉದ್ದ, ಐವತ್ತು ಮೀಟರ್ ಅಗಲ, ನೀರು ನಿಂತ ಪದರ ಮೂರು ಮೀಟರ್ ಆದರೆ ಸಾಕು. ಸುರಂಗದ ಮೇಲಿನ ಗುಡ್ಡ ಅದಕ್ಕಿಂತ ದೊಡ್ಡದು. ಅವರು ತಲೆ ಆಡಿಸಿದರು, ಈ ಸಲ ಅರ್ಥವಾಗಿಯೇ. ಥೀಸಿಸಿನಲ್ಲಿ ಈ ತಾಳೆ ನಾನು ನೋಡಿರಲಿಲ್ಲ ಎಂಬುದನ್ನೂ ಒಪ್ಪಿಕೊಂಡೆ. ಹೊರಗಿನ ಶಾಖೆಯವರು ಕೂತಿದ್ದರಿಂದಲೇ ಇದು ಬಂದದ್ದು.

ಭೂವಿಜ್ಞಾನದವರು ಬೇರೆ ಕಡೆ ಹಿಡಿದರು. "ವಾರಕ್ಕೊಮ್ಮೆ ಅಳೆದಿದ್ದೀರಿ. ಏಪ್ರಿಲಿನಲ್ಲಿ ಎರಡು ಚುಕ್ಕಿ ಯಾಕಿಲ್ಲ?" ನನ್ನ ಕಿವಿ ಬಿಸಿಯಾಯಿತು. ಏಪ್ರಿಲ್ ನಡುವೆ ಒಂದು ಸಂಜೆ ಜೋರು ಮಳೆ ಬಂದಿತ್ತು. ಗೆರೆಯ ಪ್ರಕಾರ ಆ ವಾರ 476 ಸೆಕೆಂಡು ಇರಬೇಕು, ನನಗೆ ಸಿಕ್ಕಿದ್ದು 410. ಮುಂದಿನ ವಾರವೂ ಕಮ್ಮಿ. ಆ ಎರಡನ್ನು ಸ್ಲೈಡಿನಿಂದ ತೆಗೆದುಹಾಕಿದ್ದೆ, ಗೆರೆ ಚಂದ ಕಾಣಲಿ ಅಂತ. ಥೀಸಿಸಿನ ಕೋಷ್ಟಕದಲ್ಲಿ ಇವೆ, ಮಳೆಯ ಕಾರಣವೂ ಬರೆದಿದೆ ಎಂದೆ. ಅವರು ಪುಟ ತಿರುವಿ ನೋಡಿದರು.

"ಇದೆ. ಆದರೆ ಅದು ಮಳೆಯದ್ದೇ ಅಂತ ಹೇಗೆ ಹೇಳುತ್ತೀರಿ?"

"ಆಮೇಲಿನ ಚುಕ್ಕಿಗಳು ಹಳೆಯ ಓರೆಯಲ್ಲೇ ಏರಿವೆ, ಮೇಡಂ. ಅರ್ಧವಾಗುವ ಕಾಲ ಬದಲಾಗಿಲ್ಲ. ಡ್ರಮ್ಮಿಗೆ ಮೇಲಿನಿಂದ ಸ್ವಲ್ಪ ನೀರು ಬಿತ್ತು, ತೂತು ಮಾತ್ರ ಅದೇ. 800ರ ಬದಲು 780 ಬಂದದ್ದೂ ಅದಕ್ಕೇ ಇರಬೇಕು."

"ಹಾಗಾದರೆ ಆ ಎರಡು ಚುಕ್ಕಿಯೇ ನಿಮ್ಮ ಒಳ್ಳೆಯ ಪುರಾವೆ. ಅದನ್ನೇ ಅಡಗಿಸಿಟ್ಟಿದ್ದೀರಲ್ಲ?"

ಹೇಳಲು ಏನೂ ಇರಲಿಲ್ಲ. ತಿದ್ದುಪಡಿಯಾಗಿ ಬರೆಸಿದ್ದು ಇದೊಂದೇ: ಗ್ರಾಫಿನಲ್ಲಿ ಮಳೆಯ ವಾರದ ಚುಕ್ಕಿಗಳನ್ನು ಖಾಲಿ ವೃತ್ತದಲ್ಲಿ ತೋರಿಸಿ ಪಕ್ಕದಲ್ಲಿ ತಾರೀಕು ಬರೆಯಬೇಕು. ಅಂದೇ ರಾತ್ರಿ ಮಾಡಿದೆ. ಹಾಗೇ 15,000 ಘನ ಮೀಟರಿನ ಲೆಕ್ಕವನ್ನೂ ನಾಲ್ಕು ಸಾಲಿನಲ್ಲಿ ಸೇರಿಸಿದೆ.