ಮೂರು ಗಂಟೆಯ ಮೀಟಿಂಗು, ಅಮ್ಮನ ಕೈ, ಟೊಮೇಟೊ ಮಂಡಿ

ನಾನು ಕೋಲಾರದಲ್ಲಿ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಹಾಕಿಕೊಡುವ ಕೆಲಸ ಮಾಡುತ್ತೇನೆ. ರೈತರಿಗೆ ಕೊಡುವ ಪಟ್ಟಿ, ಮುಂಗಡದ ಲೆಕ್ಕ, ಯಾರ ಹತ್ತಿರ ಎಷ್ಟು ಬಾಕ್ಸ್ ಉಳಿದಿದೆ ಅನ್ನೋದು, ಇಷ್ಟೇ. ದೊಡ್ಡ ಆಫೀಸೇನೂ ಇಲ್ಲ. ಒಂದು ಲ್ಯಾಪ್‌ಟಾಪ್, ಒಂದು ಸ್ಕೂಟಿ, ನಾನು. ಹಾಗಾಗಿ ನನಗೆ ಬರೋಕೆ ಆಗದಿದ್ದರೆ ನನ್ನ ಬದಲು ಹೋಗುವವರು ಯಾರೂ ಇರಲ್ಲ. ಮೀಟಿಂಗೇ ನಿಂತುಹೋಗುತ್ತದೆ.

ಜುಲೈ 17, ಗುರುವಾರ. ಎಪಿಎಂಸಿ ಯಾರ್ಡಿನಲ್ಲಿರುವ ಒಂದು ಟೊಮೇಟೊ ಮಂಡಿಯಲ್ಲಿ ಮಧ್ಯಾಹ್ನ 3ಕ್ಕೆ ಮೀಟಿಂಗ್ ಇತ್ತು. ಯಜಮಾನರು, ಅವರ ಗುಮಾಸ್ತ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವರ ಮಗಳು, ಆಮೇಲೆ ನಾನು. ಸೀಸನ್ನಿನಲ್ಲಿ ಇಷ್ಟು ಜನರನ್ನು ಒಟ್ಟಿಗೆ ಕೂರಿಸೋದಕ್ಕೆ ನನಗೆ ಎರಡು ವಾರ ಹಿಡಿದಿತ್ತು.

ಅವತ್ತು ಬೆಳಿಗ್ಗೆ ಎಂಟೂವರೆಗೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಊದಿಕೊಂಡಿತು. ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು, ಎಕ್ಸ್‌ರೇ ಆಯಿತು, ಮೂಳೆ ಬಿರುಕು ಬಿಟ್ಟಿದೆ, ಮೂಳೆ ಡಾಕ್ಟರು ಎರಡು ಗಂಟೆಗೆ ಬರ್ತಾರೆ, ಅವರು ನೋಡಿದ ಮೇಲೇ ಕಟ್ಟು ಹಾಕೋದು ಅಂದರು. ಆಗ ಗಂಟೆ ಒಂಬತ್ತೂ ಕಾಲು.

ಒಂಬತ್ತೂ ಕಾಲಿಗೇ ನನಗೆ ಗೊತ್ತಿತ್ತು, ಮೂರಕ್ಕೆ ಹೋಗೋಕಾಗಲ್ಲ ಅಂತ. ಆದರೂ ಫೋನ್ ಮಾಡಲಿಲ್ಲ. ಡಾಕ್ಟರು ಬೇಗ ಬಂದುಬಿಟ್ಟರೆ? ಎರಡೂವರೆಗೆ ಮುಗಿದರೆ ಅಮ್ಮನನ್ನು ಮನೆಗೆ ಬಿಟ್ಟು ಹೋಗಬಹುದಲ್ವಾ? ಸುಮ್ನೆ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡು ಬೆಂಚಿನ ಮೇಲೆ ಕೂತೆ. ಇನ್ನೂ ಐದೂಮುಕ್ಕಾಲು ಗಂಟೆ ಇದೆ, ಹನ್ನೆರಡಕ್ಕೆ ಹೇಳಿದರೂ ನಡೆಯುತ್ತೆ ಅಂದುಕೊಂಡೆ.

ಹತ್ತಕ್ಕೆ ಇದ್ದಕ್ಕಿದ್ದಂತೆ ಯಜಮಾನರ ಮಗಳ ನೆನಪಾಯಿತು. ಅವರು ಬೆಂಗಳೂರಿನಿಂದ ಬರಬೇಕು. ಎಪ್ಪತ್ತು ಕಿಲೋಮೀಟರ್ ಚಿಲ್ಲರೆ, ಟ್ರಾಫಿಕ್ ಸೇರಿಸಿದರೆ ಎರಡು ಗಂಟೆ ಎಲ್ಲೂ ಹೋಗಲಿಲ್ಲ. ಅಂದರೆ ಹನ್ನೆರಡಕ್ಕೆಲ್ಲಾ ಮನೆ ಬಿಡ್ತಾರೆ. ನಾನು ಹನ್ನೆರಡಕ್ಕೆ ಹೇಳಿದರೆ ನನ್ನ ಲೆಕ್ಕದಲ್ಲಿ ಮೂರು ಗಂಟೆ ಮುಂಚೆ ಹೇಳಿದ ಹಾಗೆ, ಅವರ ಲೆಕ್ಕದಲ್ಲಿ ಬಸ್ ಹತ್ತಿದ ಮೇಲೆ ಹೇಳಿದ ಹಾಗೆ. ಮೀಟಿಂಗ್ ಎಷ್ಟು ಗಂಟೆಗೆ ಅನ್ನೋದನ್ನೇ ನೋಡ್ತಾ ಕೂತಿದ್ದೆ, ಯಾರು ಎಷ್ಟು ಹೊತ್ತಿಗೆ ಮನೆ ಬಿಡ್ತಾರೆ ಅನ್ನೋದನ್ನ ನೋಡಿರಲೇ ಇಲ್ಲ.

ಹೋದ ವರ್ಷದ ಒಂದು ಎಡವಟ್ಟನ್ನೂ ಇಲ್ಲೇ ಹೇಳಿಬಿಡಬೇಕು. ಇದೇ ಯಜಮಾನರು, ಹೀಗೇ ಒಂದು ಮೀಟಿಂಗು. ಹಿಂದಿನ ರಾತ್ರಿ ಹನ್ನೊಂದೂಮುಕ್ಕಾಲಿಗೆ ವಾಟ್ಸಾಪಿನಲ್ಲಿ ಹಾಕಿದ್ದೆ: ‘ಅಣ್ಣಾ, ನಾಳೆ ಬರೋಕಾಗಲ್ಲ, ನಾಳಿದ್ದು ಬರ್ತೀನಿ.’ ನನಗೆ ಅದು ಚೊಕ್ಕವಾಗಿಯೇ ಕಂಡಿತ್ತು. ಅವರು ಅದನ್ನು ಓದಿದ್ದು ಬೆಳಗಿನ ಜಾವ ನಾಲ್ಕಕ್ಕೆ, ಮಂಡಿಗೆ ಹೊರಡುವಾಗ. ಆ ಹೊತ್ತಿಗೆ ನನ್ನ ‘ನಾಳೆ’ ಅವರ ‘ಇವತ್ತು’ ಆಗಿತ್ತು. ಅವರು ನಾಳೆ ಅಂದರೆ ಮಾರನೇ ದಿನ ಅಂತ ತಿಳಿದು, ಅವತ್ತು ಮಧ್ಯಾಹ್ನ ಊಟಕ್ಕೂ ಹೋಗದೆ ನನಗಾಗಿ ಕಾದರು. ನಾನು ಹೇಳಿದ ದಿನಕ್ಕೆ ಸರಿಯಾಗಿ ಹೋದರೆ ಅವರು ಊರಲ್ಲೇ ಇರಲಿಲ್ಲ, ಚಿಂತಾಮಣಿಯಲ್ಲಿ ಯಾವುದೋ ಮದುವೆ. ಬೈಯಲಿಲ್ಲ. ಆಮೇಲೆ ಸಿಕ್ಕಾಗ ‘ನಿನ್ನ ನಾಳೆ ಯಾವ ನಾಳೆ ಅಮ್ಮಾ?’ ಅಂತ ಗುಮಾಸ್ತನ ಮುಂದೆ ಕೇಳಿದರು. ಬೈದಿದ್ದರೇ ಚೆನ್ನಾಗಿತ್ತು. ಆವತ್ತಿನಿಂದ ನನ್ನ ಮೆಸೇಜುಗಳಲ್ಲಿ ತಾರೀಖು, ವಾರ, ಬೆಳಿಗ್ಗೆಯೋ ಮಧ್ಯಾಹ್ನವೋ, ಮೂರೂ ಇರುತ್ತವೆ. ನೋಡೋರಿಗೆ ಮದುವೆ ಪತ್ರಿಕೆ ಥರ ಕಾಣಬಹುದು, ಕಾಣಲಿ.

ಸರಿ, ಆಸ್ಪತ್ರೆಗೆ ಬರ್ತೀನಿ. ಹತ್ತೂ ಐದಕ್ಕೆ ಮೊದಲು ಫೋನ್ ಮಾಡಿದ್ದು ಯಜಮಾನರಿಗಲ್ಲ, ಮಗಳಿಗೆ. ದೊಡ್ಡವರಿಗೆ ಮೊದಲು ಹೇಳಬೇಕು ಅನ್ನೋದು ನಮ್ಮ ಕಡೆಯ ಮರ್ಯಾದೆ, ಒಪ್ತೀನಿ. ಆದರೆ ಮೊದಲು ಹೊರಡೋದು ಮಗಳು. ‘ಮೇಡಂ, ಇನ್ನೂ ಹೊರಟಿಲ್ಲ ತಾನೇ?’ ಅಂದೆ. ಇಲ್ಲ, ಹೊರಡ್ತಾ ಇದ್ದೆ, ಅರ್ಧ ದಿನ ರಜಾ ಹಾಕಿದ್ದೀನಿ ಅಂದರು. ನಾನು ಅಮ್ಮನ ವಿಷಯ ಹೇಳಿದೆ. ಅವರು ಒಂದು ಕ್ಷಣ ಸುಮ್ಮನಾಗಿ, ಮೊದಲು ಅಮ್ಮನ್ನ ನೋಡ್ಕೊಳಿ ಅಂದರು. ಆ ರಜಾ ವಿಷಯ ಮಾತ್ರ ನನ್ನ ಕಿವಿಯಲ್ಲೇ ಉಳಿಯಿತು. ಮುಂದಿನ ದಿನ ಗೊತ್ತು ಮಾಡುವಾಗ ಅವರಿಗೆ ಇನ್ನೊಂದು ರಜಾ ಹಾಕಿಸಬಾರದು ಅಂದುಕೊಂಡು ಅಲ್ಲೇ ಕೇಳಿದೆ. ಶನಿವಾರ ಅವರಿಗೆ ರಜೆ, ಸೋಮವಾರ ಮನೆಯಿಂದ ಕೆಲಸ, ಫೋನಿನಲ್ಲಿ ಸೇರಿಕೊಳ್ಳಬಹುದು ಅಂದರು.

ಆಮೇಲೆ ಯಜಮಾನರಿಗೆ ಮೂರು ಸಲ ಫೋನ್. ಎತ್ತಲಿಲ್ಲ. ಎತ್ತೋದಾದರೂ ಹೇಗೆ, ಹತ್ತು ಗಂಟೆ ಅಂದರೆ ಹರಾಜು ಜೋರಾಗಿ ನಡೆಯೋ ಹೊತ್ತು. ಒಂದು ಕಡೆ 15 ಕೆಜಿ ಬಾಕ್ಸಿಗೆ ರೇಟು ಕೂಗ್ತಾ ಇರ್ತಾರೆ, ಇನ್ನೊಂದು ಕಡೆ ಹಮಾಲರು ಲೋಡು ಮಾಡ್ತಾ ಇರ್ತಾರೆ, ಜೇಬಿನ ಫೋನು ಯಾರಿಗೆ ಕೇಳಿಸಬೇಕು. ಹಾಗಾಗಿ ಮೆಸೇಜ್ ಬರೆದೆ. ಮೊದಲನೇ ಸಲ ಬರೆದದ್ದು ಹದಿನಾಲ್ಕು ಸಾಲಿತ್ತು. ಬಚ್ಚಲಿನ ಟೈಲ್ಸಿನಿಂದ ಹಿಡಿದು ಎಕ್ಸ್‌ರೇವರೆಗೆ ಎಲ್ಲಾ ಇತ್ತು, ‘ಕ್ಷಮಿಸಿ’ ನಾಲ್ಕು ಸಲ ಇತ್ತು. ಮೀಟಿಂಗ್ ಇಲ್ಲ ಅನ್ನೋದು ಹನ್ನೊಂದನೇ ಸಾಲಿನಲ್ಲಿತ್ತು! ಫೋನಿನ ನೋಟಿಫಿಕೇಶನ್ನಿನಲ್ಲಿ ಕಾಣೋದು ಮೊದಲ ಒಂದೆರಡು ಸಾಲು ಮಾತ್ರ. ಹರಾಜಿನ ಮಧ್ಯೆ ಇಣುಕಿ ನೋಡೋ ಮನುಷ್ಯನಿಗೆ ‘ಅಣ್ಣಾ ಬೆಳಿಗ್ಗೆ ಅಮ್ಮ ಬಚ್ಚಲಲ್ಲಿ’ ಅಂತ ಕಂಡರೆ ಗಾಬರಿ ಬಿಟ್ಟು ಇನ್ನೇನು ಗೊತ್ತಾಗುತ್ತೆ. ಅಳಿಸಿ ಹೀಗೆ ಬರೆದೆ:

‘ಅಣ್ಣಾ, ಇವತ್ತು 17 ಗುರುವಾರ ಮಧ್ಯಾಹ್ನ 3ರ ಮೀಟಿಂಗಿಗೆ ನಾನು ಬರೋಕಾಗ್ತಿಲ್ಲ. ಅಮ್ಮ ಬಿದ್ದು ಕೈ ಮೂಳೆಗೆ ಪೆಟ್ಟಾಗಿದೆ, ಆಸ್ಪತ್ರೆಯಲ್ಲಿದ್ದೀನಿ. ನೀವು ನನಗಾಗಿ ಬಿಡುವು ಮಾಡ್ಕೊಂಡಿದ್ರಿ, ಕ್ಷಮಿಸಿ. ನಿಮ್ಮ ಮಗಳಿಗೆ ಹೇಳಿದ್ದೀನಿ, ಅವರು ಹೊರಟಿಲ್ಲ. 19 ಶನಿವಾರ ಮಧ್ಯಾಹ್ನ 3, ಇಲ್ಲಾ 21 ಸೋಮವಾರ ಸಂಜೆ 4, ಎರಡರಲ್ಲಿ ನಿಮಗೆ ಯಾವುದು ಅನುಕೂಲ ಹೇಳಿ. ಎರಡು ದಿನವೂ ನಾನು ನಿಮ್ಮ ಮಂಡಿಗೇ ಬರ್ತೀನಿ, ಒಂದು ಗಂಟೆ ಸಾಕು. ಎರಡೂ ಆಗದಿದ್ದರೆ ನೀವೇ ಒಂದು ಹೊತ್ತು ಹೇಳಿ.’

‘ನಿಮಗೆ ಯಾವಾಗ ಅನುಕೂಲ?’ ಅಂತಷ್ಟೇ ಕೇಳಿಬಿಡೋಣ ಅಂತಲೂ ಅನಿಸಿತ್ತು. ಕೇಳೋಕೆ ವಿನಯವಾಗಿ ಇರುತ್ತೆ. ಆದರೆ ಕೆಲಸ ಕೆಡಿಸಿದ್ದು ನಾನು, ಮತ್ತೆ ದಿನ ಹುಡುಕೋ ಕೆಲಸವನ್ನೂ ಅವರ ತಲೆಗೇ ಕಟ್ಟಿದ ಹಾಗಾಗುತ್ತೆ. ಸೀಸನ್ನಿನಲ್ಲಿ ಅಂಥ ಪ್ರಶ್ನೆಗೆ ‘ನೋಡೋಣ’ ಅಂತ ಉತ್ತರ ಬಂದರೆ, ನೋಡೋದು ಟೊಮೇಟೊ ಮುಗಿದ ಮೇಲೆಯೇ. ಐದಾರು ದಿನ ಕೊಟ್ಟರೂ ಕಷ್ಟ. ಅಪ್ಪ ಒಂದು ಆರಿಸ್ತಾರೆ, ಮಗಳು ಇನ್ನೊಂದು. ಎರಡು ಸಾಕು ಅನಿಸಿತು. ಶನಿವಾರಕ್ಕೆ ತಮ್ಮ ಮೈಸೂರಿನಿಂದ ಬಂದು ಅಮ್ಮನ ಹತ್ತಿರ ಇರ್ತಾನೆ ಅನ್ನೋದನ್ನ ಖಚಿತ ಮಾಡಿಕೊಂಡೇ ಆ ದಿನ ಬರೆದೆ. ಎರಡನೇ ಸಲ ಮುಂದೂಡಿದರೆ ಅಮ್ಮನ ಕೈ ನಿಜವಾಗಿ ಮುರಿದಿದ್ದರೂ ಯಾರೂ ನಂಬಲ್ಲ.

ಮೆಸೇಜಿಗೆ ಒಂದೇ ಟಿಕ್. ಹತ್ತೂವರೆ ಆಯಿತು, ಇನ್ನೂ ಒಂದೇ. ಅಂದರೆ ಅವರ ಫೋನಿಗೆ ತಲುಪಿಯೇ ಇಲ್ಲ. ಕಳಿಸಿಬಿಟ್ಟೆನಲ್ಲ ಅಂತ ಹಾಯಾಗಿ ಕೂರಬಹುದಿತ್ತು, ಹೋದ ವರ್ಷದ ನಾನಾಗಿದ್ದರೆ ಕೂತೂ ಇರ್ತಿದ್ದೆ. ಗುಮಾಸ್ತನಿಗೆ ಫೋನ್ ಹಚ್ಚಿದೆ. ಆತ ಎತ್ತಿದ, ಗಲಾಟೆಯಲ್ಲಿ ಅರ್ಧ ಕೇಳಿಸಿಕೊಂಡ. ‘ಇವತ್ತು ಇಲ್ವಾ? ಹಂಗಾದ್ರೆ ನಾಳೆ ಬರ್ತೀರಾ?’ ಅಂದ. ನನ್ನ ಬಾಯಿ ಸುಮ್ನಿರಬೇಕಲ್ಲ, ‘ನಾಳೆ ಬೆಳಿಗ್ಗೆ ಹತ್ತಕ್ಕೆ ಒಂದರ್ಧ ಗಂಟೆ ಬರಬಹುದೇನೋ’ ಅಂದುಬಿಟ್ಟೆ. ಆತ ನಕ್ಕ. ‘ಮೇಡಂ, ಹತ್ತಕ್ಕೆ ಬಂದು ಹರಾಜು ಕೂಗ್ತೀರಾ?’ ಈಗಿನ್ನೂ ಅದೇ ಹೊತ್ತಿಗೆ ಮೂರು ಸಲ ಫೋನ್ ಮಾಡಿ ಸೋತವಳು ನಾನು! ನನ್ನ ಬಿಡುವನ್ನೇ ಅವರ ಬಿಡುವು ಅಂದುಕೊಳ್ಳೋ ಚಾಳಿ ಅಷ್ಟು ಬೇಗ ಹೋಗಲ್ಲ.

ಅದನ್ನು ವಾಪಸ್ ತಗೊಂಡು, ಶನಿವಾರ ಮೂರು ಇಲ್ಲಾ ಸೋಮವಾರ ನಾಲ್ಕು, ಯಜಮಾನರಿಗೆ ಇಷ್ಟು ಮಾತ್ರ ಹೇಳಿ ಅಂದೆ. ಅವನ ಬಾಯಲ್ಲೇ ಒಂದು ಸಲ ಹೇಳಿಸಿದೆ ಕೂಡ. ಅವತ್ತಿನ ಮೀಟಿಂಗಿನಲ್ಲಿ ನಿಜಕ್ಕೂ ಅರ್ಜೆಂಟಾಗಿದ್ದದ್ದು ಒಂದೇ, ಬಾಕ್ಸ್ ಬಾಕಿ ಇರುವ ರೈತರ ಪಟ್ಟಿ ತೆಗೆಯೋದು. ಶುಕ್ರವಾರ ಅವರಿಗೆ ಅದು ಬೇಕಿತ್ತು. ಅದಕ್ಕೆ ನಾಲ್ಕು ಜನ ಕೂರೋ ಅಗತ್ಯವಿರಲಿಲ್ಲ. ಹರಾಜು ಮುಗಿದ ಮೇಲೆ ಗುಮಾಸ್ತನಿಗೆ ಫೋನಿನಲ್ಲೇ ಹೇಳಿಕೊಟ್ಟೆ, ಹತ್ತು ನಿಮಿಷದಲ್ಲಿ ಪ್ರಿಂಟ್ ಬಂತು. ಎರಡು ವಾರ ಕಾದು ಕೂಡಿಸಿದ ಮೀಟಿಂಗಿನ ಮುಖ್ಯ ಕೆಲಸ ಹತ್ತು ನಿಮಿಷದ್ದು ಅಂತ ಗೊತ್ತಾಗಿ ಸ್ವಲ್ಪ ಬೇಜಾರೂ ಆಯಿತು, ಇರಲಿ.

ಮಗಳ ಆಫೀಸಿನ ಮೇಲ್‌ಗೆ ಕ್ಯಾಲೆಂಡರ್ ಆಹ್ವಾನ ಕಳಿಸಿದ್ದೆ. ಅದನ್ನು ಅಳಿಸಲಿಲ್ಲ, ಹಾಗೇ ಬಿಟ್ಟೆ. ದಿನ ಗೊತ್ತಾದ ಮೇಲೆ ಅದನ್ನೇ ಹೊಸ ಹೊತ್ತಿಗೆ ಸರಿಸಿ ಎಲ್ಲರಿಗೂ ಹೋಗುವಂತೆ ಕಳಿಸಿದರೆ ಸಾಕು. ಅಳಿಸಿ ಹೊಸದು ಮಾಡಿದರೆ ಒಂದು ರದ್ದಾದ ಮೇಲ್, ಒಂದು ಹೊಸ ಮೇಲ್ ಬಂದು, ಯಾವುದು ನಿಜ ಅಂತ ಫೋನ್ ಬರುತ್ತೆ.

ಒಂದೂ ಕಾಲಿಗೆ ಯಜಮಾನರ ಫೋನ್ ಬಂತು. ನಾನು ಮಾತಾಡೋಕೆ ಮುಂಚೆಯೇ ಶುರು ಮಾಡಿದರು.

‘ಅಮ್ಮ ಹೆಂಗವ್ರೆ?’

‘ಪರವಾಗಿಲ್ಲ ಅಣ್ಣಾ, ಡಾಕ್ಟರು ಇನ್ನೂ ಬರಬೇಕು. ಇವತ್ತು ನಿಮಗೆ ತೊಂದರೆ ಆಯ್ತು.’

‘ಆಸ್ಪತ್ರೇಲಿ ಕೂತ್ಕೊಂಡು ಯಾಕಮ್ಮಾ ಟೈಮು ಲೆಕ್ಕ ಹಾಕ್ತೀಯ. ಶನಿವಾರ ಬಾ. ಮೂರು ಬೇಡ, ಡೆಲ್ಲಿ ಲೋಡು ಇರ್ತದೆ. ನಾಲ್ಕಕ್ಕೆ ಬಾ.’

ಮೂರು ಅಂದದ್ದು ನಾಲ್ಕಾಯಿತು. ಫೋನ್ ಇಟ್ಟ ಮೇಲೆ ಒಂದೇ ಸಾಲು ಬರೆದು ಅವರಿಗೂ ಮಗಳಿಗೂ ಗುಮಾಸ್ತನಿಗೂ ಹಾಕಿದೆ: ‘19 ಶನಿವಾರ ಮಧ್ಯಾಹ್ನ 4, ಮಂಡಿಯಲ್ಲಿ. ಸೋಮವಾರದ್ದು ಬೇಡ.’ ಆ ಕೊನೆಯ ಮಾತು ಬರೆಯದಿದ್ದರೆ ಗುಮಾಸ್ತ ಸೋಮವಾರವೂ ಕಾದಿರ್ತಿದ್ದ, ಅವನ ಹತ್ತಿರ ಎರಡೂ ಹೇಳಿದ್ದೆನಲ್ಲ.

ಅಮ್ಮನಿಗೆ ಕಟ್ಟು ಹಾಕಿ ಮನೆಗೆ ಬಂದಾಗ ಐದೂಮುಕ್ಕಾಲು. ಡಾಕ್ಟರು ಎರಡಕ್ಕೆ ಬರಬೇಕಾದವರು ಬಂದದ್ದು ನಾಲ್ಕಕ್ಕೆ.

ಶನಿವಾರ ಹತ್ತು ನಿಮಿಷ ಮುಂಚೆಯೇ ಹೋದೆ. ಮಗಳು ಬಂದು ಕೂತಿದ್ದರು. ಯಜಮಾನರು ಇರಲಿಲ್ಲ. ನಾಲ್ಕೂ ಕಾಲಿಗೆ ಫೋನ್ ಮಾಡಿ, ‘ಲಾರಿ ಹೊರಡ್ತಾ ಅದೆ ಅಮ್ಮಾ, ಹತ್ತೇ ನಿಮಿಷ’ ಅಂದರು. ಮಗಳು ನನ್ನ ಮುಖ ನೋಡಿ ನಕ್ಕು, ಟೀ ಹೇಳ್ಲಾ ಅಂತ ಕೇಳಿದರು. ಯಜಮಾನರು ಬಂದಾಗ ಐದು ಗಂಟೆ, ಕೈಯಲ್ಲಿ ಅಮ್ಮನಿಗೆ ಅಂತ ಒಂದು ಚೀಲ ಟೊಮೇಟೊ.