ಕೋಲ್ ಇಂಡಿಯಾ, ಹತ್ತು ವರ್ಷ, ಮೂರು ಉತ್ತರ: ಡಿವಿಡೆಂಡ್ ಶೀಟಿನ ಪ್ರಗತಿ

ಮೊದಲ ಕಂತು: ಯಾವ ಷೇರು, ಯಾಕೆ

ಶೀಟು ಒಂದು ಹದಕ್ಕೆ ಬಂದಿದೆ, ಹಾಗಾಗಿ ಇಲ್ಲಿಯವರೆಗೆ ಆದದ್ದನ್ನು ಬರೆದಿಡುತ್ತಿದ್ದೇನೆ. ಕೆಲಸ ಇಷ್ಟೇ: ಒಂದು ಷೇರನ್ನು ಹತ್ತು ವರ್ಷ ಇಟ್ಟುಕೊಂಡರೆ ಬರೀ ಬೆಲೆಯಿಂದ ಎಷ್ಟು ಗಳಿಕೆ, ಬಂದ ಡಿವಿಡೆಂಡನ್ನೆಲ್ಲ ಅದೇ ಷೇರಿಗೆ ಮತ್ತೆ ಹಾಕಿದ್ದರೆ ಎಷ್ಟು ಗಳಿಕೆ ಎಂದು ಲೆಕ್ಕ ಹಾಕುವುದು.

ಕೋಲ್ ಇಂಡಿಯಾ ಆರಿಸಲು ವಿದ್ಯಾನಗರದ ನಮ್ಮ ಮಾಮಾ ಕಾರಣ. 2010ರ ಐಪಿಒದಲ್ಲಿ ಹುಬ್ಬಳ್ಳಿಯ ಎಷ್ಟೋ ಮಂದಿ ಮೊದಲ ಸಲ ಡಿಮ್ಯಾಟ್ ಖಾತೆ ತೆರೆದರು, ಅವರಲ್ಲಿ ಮಾಮಾ ಒಬ್ಬರು. ಈಗಲೂ ಆ ಷೇರಿನ ಮಾತು ಬಂದರೆ ಅವರದು ಒಂದೇ ದೂರು: "ಹತ್ತ ವರ್ಷ ಇಟ್ಟೆ, ರೊಕ್ಕಾ ಅರ್ಧಾ ಆತು." ಬೆಲೆ ನೋಡಿದರೆ ಮಾತು ಸುಳ್ಳಲ್ಲ. ಐಪಿಒ ಬೆಲೆ 245 ರೂಪಾಯಿ. ಷೇರು 2010ರ ನವೆಂಬರ್ 4ರಂದು ಲಿಸ್ಟ್ ಆಯಿತು. ಹತ್ತು ವರ್ಷ ಕಳೆದು 2020ರ ನವೆಂಬರ್ ಆರಂಭಕ್ಕೆ ಸುಮಾರು 115. ಅಂದರೆ ಪ್ರೈಸ್ ರಿಟರ್ನ್ ಶೇಕಡಾ 53ರಷ್ಟು ನಷ್ಟ, ವರ್ಷಕ್ಕೆ ಸುಮಾರು ಶೇ. 7.3ರ ಇಳಿಕೆ.

ಲೆಕ್ಕಕ್ಕೂ ಈ ಷೇರು ಅನುಕೂಲ. ಈ ಅವಧಿಯಲ್ಲಿ ಬೋನಸ್ ಇಲ್ಲ, ಸ್ಪ್ಲಿಟ್ ಇಲ್ಲ, ಮುಖಬೆಲೆ ಹತ್ತು ರೂಪಾಯಿ ಹಾಗೇ ಇದೆ. ಹಾಗಾಗಿ ಷೇರಿನ ಸಂಖ್ಯೆ ಶೀಟಿನಲ್ಲಿ ಬದಲಾದರೆ ಅದಕ್ಕೆ ಡಿವಿಡೆಂಡ್ ಒಂದೇ ಕಾರಣ. ರಿಟೇಲ್‌ನವರಿಗೆ ಆಗ ಶೇ. 5 ರಿಯಾಯಿತಿ ಇತ್ತು, ಮಾಮಾಗೆ ಸಿಕ್ಕಿದ್ದು 232.75ಕ್ಕೆ. ನಾನು 245ನ್ನೇ ಹಿಡಿದಿದ್ದೇನೆ. ಮೊದಲ ದಿನವೇ ಮಾರುಕಟ್ಟೆಯಲ್ಲಿ 340ರ ಸುತ್ತ ಕೊಂಡವರ ಕಥೆ ಬೇರೆ, ಅದಕ್ಕೆ ಕೈ ಹಾಕಿಲ್ಲ.

ಎರಡನೇ ಕಂತು: ಡಿವಿಡೆಂಡ್ ಸಾಲುಗಳು

ಸರ್ಕಾರದ ಕಂಪನಿ, ಖಜಾನೆಗೆ ರೊಕ್ಕ ಬೇಕಾದಾಗೆಲ್ಲ ಡಿವಿಡೆಂಡ್ ಹೊರಬರುತ್ತಿತ್ತು. ಹಣಕಾಸು ವರ್ಷದ ಪ್ರಕಾರ ಒಂದು ಷೇರಿಗೆ ಬಂದದ್ದು: 2010-11ಕ್ಕೆ 3.90 ರೂಪಾಯಿ, ಆಮೇಲೆ ವರ್ಷಕ್ಕೊಂದರಂತೆ 10, 14, 29, 20.70, 27.40, 19.90, 16.50, 13.10, ಕೊನೆಗೆ 2019-20ಕ್ಕೆ 12. ಒಟ್ಟು 166.50. 245 ಕೊಟ್ಟು ಕೊಂಡ ಷೇರು ಕೈಗೆ 166.50 ಕೊಟ್ಟಿದೆ, ಬೆಲೆಯ ಗ್ರಾಫು ಇದರ ಒಂದು ಪೈಸೆಯನ್ನೂ ತೋರಿಸುವುದಿಲ್ಲ.

ತೋರಿಸದಿರುವುದಷ್ಟೇ ಅಲ್ಲ, ಅದನ್ನು ನಷ್ಟವೆಂದು ಬರೆಯುತ್ತದೆ. 2014ರ ಜನವರಿಯ 29 ರೂಪಾಯಿಯನ್ನು ನೋಡಿ. ಕಂಪನಿಯಿಂದ ಒಟ್ಟು 18,317 ಕೋಟಿ ಹೊರಹೋಯಿತು, ಆಗ ಶೇ. 90 ಪಾಲು ಹೊಂದಿದ್ದ ಕೇಂದ್ರ ಸರ್ಕಾರಕ್ಕೆ ಅದರ ಬಹುಪಾಲು. ಷೇರಿನ ಬೆಲೆಯ ಹತ್ತನೇ ಒಂದು ಭಾಗದಷ್ಟು ನಗದು ಕಂಪನಿಯ ಪೆಟ್ಟಿಗೆಯಿಂದ ಹೋದ ಮೇಲೆ ಎಕ್ಸ್-ಡೇಟ್ ದಿನ ಬೆಲೆ ಅಷ್ಟರಮಟ್ಟಿಗೆ ಇಳಿಯುವುದು ಸಹಜ. ಎಕ್ಸ್-ಡೇಟ್ ಎಂದರೆ ಆ ದಿನದಿಂದ ಕೊಂಡವರಿಗೆ ಆ ಡಿವಿಡೆಂಡ್ ಸಿಗುವುದಿಲ್ಲ. ಪ್ರೈಸ್ ರಿಟರ್ನ್ ಆ ಇಳಿತವನ್ನು ಲೆಕ್ಕಕ್ಕೆ ಹಿಡಿಯುತ್ತದೆ, ಕೈಗೆ ಬಂದ 29ನ್ನು ಹಿಡಿಯುವುದಿಲ್ಲ. ಇಂಥ ಷೇರಿಗೆ ಬರೀ ಬೆಲೆ ನೋಡಿ ಮಾತಾಡುವುದು ನನಗಂತೂ ಅರ್ಥವಿಲ್ಲದ್ದು ಅನಿಸುತ್ತದೆ.

ಮೂರನೇ ಕಂತು: ಸೂತ್ರ

ಕಾಲಂಗಳು ನಾಲ್ಕೇ: A ದಿನಾಂಕ, B ಎಕ್ಸ್-ಡೇಟ್ ದಿನದ ಬೆಲೆ, C ಡಿವಿಡೆಂಡ್, D ಕೈಯಲ್ಲಿರುವ ಷೇರು. D2ರಲ್ಲಿ 100 ಹಾಕಿ, D3ರಲ್ಲಿ ಈ ಸೂತ್ರ ಬರೆದು ಕೆಳಗೆ ಎಳೆದರೆ ಮುಗಿಯಿತು.

```
=D2*(1+C3/B3)
```

2014ರ ಸಾಲನ್ನೇ ಬಿಡಿಸಿ ನೋಡೋಣ. ಅಷ್ಟೊತ್ತಿಗೆ 100 ಷೇರು ಬೆಳೆದು 109.06 ಆಗಿರುತ್ತದೆ. ಅದಕ್ಕೆ 29ರಂತೆ 3,163 ರೂಪಾಯಿ ಡಿವಿಡೆಂಡ್. ಡಿವಿಡೆಂಡ್ ಕಳೆದ ಮೇಲಿನ ಬೆಲೆಯನ್ನು 265 ಎಂದು ಹಿಡಿದರೆ 11.9 ಷೇರು ಬಂತು, ಈಗ 121. ಮುಂದಿನ ವರ್ಷದ 20.70 ಈ 121ಕ್ಕೂ ಸಿಗುತ್ತದೆ. ಚಕ್ರಬಡ್ಡಿ ಕೂತಿರುವುದು ಇಲ್ಲೇ. ಬೆಲೆಗಳನ್ನು ಹತ್ತಿರದ ಐದು-ಹತ್ತಕ್ಕೆ ಸರಿಹೊಂದಿಸಿದ್ದೇನೆ, ಒಂದೇ ವರ್ಷದ ಎರಡು ಕಂತುಗಳನ್ನು ಮೊದಲ ದಶಕದಲ್ಲಿ ಒಂದಾಗಿ ಸೇರಿಸಿದ್ದೇನೆ. ಹಾಗಾಗಿ ಉತ್ತರದಲ್ಲಿ ಒಂದೆರಡು ಶೇಕಡಾ ಆಚೀಚೆ ಇರುತ್ತದೆ.

ಡೇಟಾ ಇಳಿಸುವವರಿಗೆ ಒಂದು ಮಾತು. ಕೆಲವು ಕಡೆ `Close` ಪಕ್ಕ `Adj Close` ಎಂಬ ಕಾಲಂ ಇರುತ್ತದೆ. ಕೆಲವರು ಅದರಲ್ಲಿ ಬೋನಸ್, ಸ್ಪ್ಲಿಟ್ ಮಾತ್ರ ಸರಿಪಡಿಸುತ್ತಾರೆ, ಕೆಲವರು ಡಿವಿಡೆಂಡನ್ನೂ ಸೇರಿಸುತ್ತಾರೆ. ಡಿವಿಡೆಂಡ್ ಸೇರಿದ ಬೆಲೆಯನ್ನು B ಕಾಲಂಗೆ ಹಾಕಿದರೆ ಅದೇ ಡಿವಿಡೆಂಡ್ ಎರಡು ಸಲ ಎಣಿಕೆಯಾಗುತ್ತದೆ, ಉತ್ತರ ನೋಡಲು ಬಹಳ ಚೆಂದ ಕಾಣುತ್ತದೆ. ಪತ್ತೆ ಹಚ್ಚಲು ಕೋಲ್ ಇಂಡಿಯಾ ಒಳ್ಳೆಯ ಪರೀಕ್ಷೆ: ಬೋನಸ್ಸೂ ಸ್ಪ್ಲಿಟ್ಟೂ ಇಲ್ಲದ ಷೇರಿನಲ್ಲಿ ಎರಡು ಕಾಲಂ ಬೇರೆಬೇರೆ ಸಂಖ್ಯೆ ತೋರಿಸಿದರೆ ಆ ವ್ಯತ್ಯಾಸ ಡಿವಿಡೆಂಡಿನದೇ.

ನಾಲ್ಕನೇ ಕಂತು: ಮಾಮಾ ಗೆದ್ದರು

2020ರ ಸಾಲು ತುಂಬಿದಾಗ 100 ಷೇರು 179.5 ಆಗಿತ್ತು. 115ರ ಬೆಲೆಗೆ ಅದರ ಮೌಲ್ಯ ಸುಮಾರು 20,640. ಹೂಡಿದ್ದು 24,500. ಅಂದರೆ ಡಿವಿಡೆಂಡ್ ಮರಳಿ ಹೂಡಿದರೂ ಹತ್ತು ವರ್ಷಕ್ಕೆ ಶೇ. 16 ನಷ್ಟ. 53ರ ನಷ್ಟ 16ಕ್ಕೆ ಇಳಿದದ್ದು ದೊಡ್ಡದೇ, ಆದರೂ ನಷ್ಟವೇ.

ಮಾಮಾಗೆ ಹೇಳಿದಾಗ ಅವರು ಕೇಳಿದ್ದು ಒಂದೇ: "ಕೈಗೆ ಬಂದ ರೊಕ್ಕಾ ಮತ್ತ ಅಲ್ಲೇ ಯಾಕ ಹಾಕಬೇಕಪಾ? ನಾ ಒಂದು ರೂಪಾಯಿನೂ ಹಾಕಿಲ್ಲ." ಈ ಡಿವಿಡೆಂಡ್ ಹೆಚ್ಚಿನ ಸಲ ಮಾರ್ಚ್ ತಿಂಗಳಲ್ಲಿ ಬರುತ್ತಿತ್ತು, ಅದು ಅವರ ಮನೆಯ ಯುಗಾದಿ ಖರ್ಚಿಗೆ ಹೋಗುತ್ತಿತ್ತು. ಅವರ ಲೆಕ್ಕ ಹಾಕಿದೆ: ಷೇರಿನ ಬೆಲೆ 11,500, ಕೈಗೆ ಬಂದ ಡಿವಿಡೆಂಡ್ 16,650, ಒಟ್ಟು 28,150. ಶೇ. 15 ಲಾಭ! ಬಂದ ತಾರೀಖುಗಳನ್ನು ಹಾಕಿ `XIRR` ನೋಡಿದರೆ ವರ್ಷಕ್ಕೆ ಶೇ. 2ರ ಆಸುಪಾಸು. ಹೇಳಿಕೊಳ್ಳುವಂಥದ್ದಲ್ಲ, ಆದರೆ "ಅರ್ಧಾ ಆತು" ಅನ್ನುವ ದೂರೂ ನಿಲ್ಲುವುದಿಲ್ಲ, ಮರಳಿ ಹೂಡಿದವನಿಗಿಂತ ಅವರೇ ಮುಂದೆ.

ಯಾಕೆ ಹೀಗೆ ಎಂಬುದು ಹೆಚ್ಚುವರಿ 79.5 ಷೇರುಗಳಲ್ಲಿದೆ. ಅವನ್ನು ಕೊಳ್ಳಲು ಶೀಟು ಖರ್ಚು ಮಾಡಿದ್ದು, ಆ ಹೆಚ್ಚುವರಿ ಷೇರುಗಳಿಗೆ ಬಂದ ಡಿವಿಡೆಂಡೂ ಸೇರಿ, ಒಟ್ಟು 21,300 ರೂಪಾಯಿ, ಸರಾಸರಿ 268ರಂತೆ. 2015ರ ಡಿವಿಡೆಂಡ್ ಅಂತೂ 370ಕ್ಕೆ ಕೊಂಡಿದೆ. 2020ರ ನವೆಂಬರಿಗೆ ಆ ಷೇರುಗಳ ಮೌಲ್ಯ 9,140. ಮೇಲಿನಿಂದ ಇಳಿಯುತ್ತಿರುವ ಷೇರಿಗೆ ಪ್ರತಿ ವರ್ಷ ರೊಕ್ಕ ಸುರಿದಂತೆ ಆಯಿತು. ಮರುಹೂಡಿಕೆಯಿಂದ ಗಳಿಕೆ ಯಾವಾಗಲೂ ಹೆಚ್ಚುತ್ತದೆ ಎಂದು ನಾವು ಓದಿಕೊಂಡು ಬಂದಿರುವುದು ಏರುವ ಷೇರುಗಳ ಉದಾಹರಣೆಗಳಿಂದ. ಡಿವಿಡೆಂಡಿನಿಂದ ಕೊಂಡ ಷೇರು ಮುಂದೆ, ಅದು ಕೊಟ್ಟ ಡಿವಿಡೆಂಡ್ ಸೇರಿಸಿದರೂ, ಅದರ ಖರೀದಿ ಬೆಲೆಗಿಂತ ಕೆಳಗೆ ನಿಂತರೆ ನಗದು ಇಟ್ಟುಕೊಂಡವನೇ ಗೆಲ್ಲುತ್ತಾನೆ.

ಐದನೇ ಕಂತು: ನಾಲ್ಕು ವರ್ಷ ಸರಿಸಿದೆ

ಇಲ್ಲಿಗೆ ನಿಲ್ಲಿಸಿದ್ದರೆ ಮಾಮಾ ಊರ ತುಂಬ ಹೇಳಿಕೊಂಡು ಬರುತ್ತಿದ್ದರು. ಹತ್ತು ವರ್ಷದ ಕಿಟಕಿಯನ್ನು ಸರಿಸಿ 2014ರ ಅಕ್ಟೋಬರ್ ಕೊನೆಯಿಂದ 2024ರ ಅಕ್ಟೋಬರ್ ಕೊನೆಯವರೆಗೆ ಓಡಿಸಿದೆ. ಬೆಲೆ ಸುಮಾರು 370ರಿಂದ 450ಕ್ಕೆ. 100 ಷೇರಿಗೆ 37,000 ಹೋಗಿ 45,000, ವರ್ಷಕ್ಕೆ ಬರೀ ಶೇ. 2.

ಈ ಅವಧಿಯಲ್ಲಿ ಡಿವಿಡೆಂಡ್ ಇನ್ನೂ ದಪ್ಪ. 2020-21ಕ್ಕೆ 16 ರೂಪಾಯಿ, ಆಮೇಲೆ 17, 24.25, 25.50. ಮೊದಲಿನ ಆರು ವರ್ಷದ್ದನ್ನೂ ಸೇರಿಸಿದರೆ ಷೇರಿಗೆ 192.35. ನಗದು ಇಟ್ಟುಕೊಂಡವರ ಬಳಿ 64,235. ಮರಳಿ ಹೂಡಿದವರ ಬಳಿ 218 ಷೇರು, ಮೌಲ್ಯ 98,000, ವರ್ಷಕ್ಕೆ ಶೇ. 10.2. ಈ ಸಲ ಮರುಹೂಡಿಕೆ ಬಹಳ ಮುಂದೆ.

ವ್ಯತ್ಯಾಸದ ದೊಡ್ಡ ಪಾಲು ಎಲ್ಲಿಂದ ಬಂತೆಂದು ಸಾಲು ಸಾಲಾಗಿ ನೋಡಿದೆ. 2020ರ ಮಾರ್ಚಿನಿಂದ 2022ರ ಫೆಬ್ರುವರಿವರೆಗೆ, ಈ ಷೇರನ್ನು ಯಾರೂ ಮೂಸಿ ನೋಡದ ಕಾಲದಲ್ಲಿ, ಶೀಟು 6,500 ರೂಪಾಯಿಗೆ 44 ಷೇರು ಕೊಂಡಿತ್ತು, ಸರಾಸರಿ 147. 450ರ ಬೆಲೆಗೆ ಅದು 19,800. ಮೊದಲ ಕಿಟಕಿ ಮುಚ್ಚಿದ್ದು ಆ ಅಗ್ಗದ ಖರೀದಿ ಶುರುವಾಗುವ ಹೊತ್ತಿಗೆ, ಎರಡನೆಯದರಲ್ಲಿ ಅದು ಪೂರ್ತಿ ಒಳಗಿದೆ. ಷೇರು ಒಂದೇ, ಸೂತ್ರ ಒಂದೇ. ಹಾಗಾಗಿ ಯಾರಾದರೂ "ಹತ್ತು ವರ್ಷದ ಟೋಟಲ್ ರಿಟರ್ನ್ ಇಷ್ಟು" ಅಂದರೆ ನಾನು ಮೊದಲು ಕೇಳುವುದು ಯಾವ ತಿಂಗಳಿಂದ ಯಾವ ತಿಂಗಳಿಗೆ ಎಂದು.

ಆರನೇ ಕಂತು: ತೆರಿಗೆ ಕಾಲಂ

98,000 ಕಾಗದದ ಮೇಲಿನ ಸಂಖ್ಯೆ. 2020ರ ಮಾರ್ಚ್ 31ರವರೆಗೆ ಡಿವಿಡೆಂಡ್ ಮೇಲಿನ ತೆರಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು, ಸಣ್ಣ ಹೂಡಿಕೆದಾರನ ಕೈಗೆ ಪೂರ್ತಿ ಬರುತ್ತಿತ್ತು. 2020ರ ಏಪ್ರಿಲ್‌ನಿಂದ ಅದು ನಮ್ಮ ಆದಾಯಕ್ಕೆ ಸೇರಿ ಸ್ಲ್ಯಾಬ್ ಪ್ರಕಾರ ತೆರಿಗೆ. ಶೇ. 30ರ ಸ್ಲ್ಯಾಬಿನವನು ಅಗ್ಗದ ಕಾಲದಲ್ಲಿ ಮರಳಿ ಹೂಡಲು ಸಾಧ್ಯವಿದ್ದದ್ದು ರೂಪಾಯಿಗೆ 70 ಪೈಸೆ ಮಾತ್ರ. C ಕಾಲಂ ಅನ್ನು ಆ ದಿನದಿಂದ 0.7ರಿಂದ ಗುಣಿಸಿದೆ: 218ರ ಬದಲು 194 ಷೇರು, ಮೌಲ್ಯ 87,500, ವರ್ಷಕ್ಕೆ ಶೇ. 9. ಸೆಸ್ ಸೇರಿಸಿಲ್ಲ. ತೆರಿಗೆ ಬರದಷ್ಟು ಆದಾಯವಿರುವ ನಿವೃತ್ತರಿಗೆ ಹಳೆಯ ಲೆಕ್ಕವೇ ನಡೆಯುತ್ತದೆ.

ಡಿವಿಡೆಂಡನ್ನೂ ಮರಳಿ ಹೂಡಿದಂತೆ ಲೆಕ್ಕ ಹಾಕುವ ನಿಫ್ಟಿ ಟಿಆರ್‌ಐ ಥರದ ಸೂಚ್ಯಂಕಗಳು ಹೂಡಿಕೆದಾರನ ಈ ತೆರಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 2018ರ ಫೆಬ್ರುವರಿಯಿಂದ ಮ್ಯೂಚುವಲ್ ಫಂಡುಗಳು ತಮ್ಮನ್ನು ಹೋಲಿಸಿಕೊಳ್ಳಬೇಕಾದದ್ದು ಅವುಗಳ ಜೊತೆಗೇ. ಇನ್ನೊಂದು: ಶೀಟು ಎಕ್ಸ್-ಡೇಟ್ ದಿನವೇ 11.9 ಷೇರು ಕೊಳ್ಳುತ್ತದೆ. ನಿಜಕ್ಕೆ ರೊಕ್ಕ ಖಾತೆಗೆ ಬರುವುದು ಕೆಲವು ವಾರ ಕಳೆದು, ನಮ್ಮಲ್ಲಿ ಮುಕ್ಕಾಲು ಷೇರು ಕೊಳ್ಳಲಿಕ್ಕೂ ಆಗುವುದಿಲ್ಲ. ನೂರು ಷೇರಿನವರಿಗೆ ಉಳಿಯುವ ಚಿಲ್ಲರೆ ಲೆಕ್ಕಕ್ಕಿಲ್ಲ, ಐದು ಷೇರಿನವರಿಗೆ ಅದೇ ದೊಡ್ಡದು.

ಮುಂದಿನ ಕೆಲಸ

ಮುಂದಿನ ಸರದಿ ಐಟಿಸಿ. ಅಲ್ಲಿ 2016ರಲ್ಲಿ ಎರಡಕ್ಕೊಂದು ಬೋನಸ್ ಇದೆ, D ಕಾಲಂ ಅನ್ನು ಆ ದಿನ 1.5ರಿಂದ ಗುಣಿಸಬೇಕು. 2025ರ ಜನವರಿಯಲ್ಲಿ ಹೋಟೆಲ್ ವ್ಯವಹಾರ ಬೇರೆಯಾಗಿ ಹತ್ತು ಷೇರಿಗೆ ಒಂದು ಐಟಿಸಿ ಹೋಟೆಲ್ಸ್ ಬಂತು. ಅದನ್ನು ಲಿಸ್ಟ್ ಆದ ದಿನ ಮಾರಿ ಐಟಿಸಿಗೇ ಹಾಕಿದಂತೆ ಒಂದು ದೊಡ್ಡ ಡಿವಿಡೆಂಡ್ ಸಾಲಾಗಿ ಬರೆಯಬೇಕೆಂದಿದ್ದೇನೆ. ಮಾಮಾ ಮಾತ್ರ ತಮ್ಮ ಕಾಲಂ ಪ್ರತ್ಯೇಕ ಇರಬೇಕು ಎಂದು ಹಟ ಹಿಡಿದಿದ್ದಾರೆ, ಹಾಗಾಗಿ E ಕಾಲಂಗೆ "ಯುಗಾದಿ" ಎಂದೇ ಹೆಸರಿಟ್ಟಿದ್ದೇನೆ.