ಬೆಳ್ಳಂದೂರು ಕೆರೆಗೆ ಒಬ್ಬ ಸ್ಟ್ರಿಕ್ಟ್ ಆಫೀಸರ್ ಸಾಕಾ?

"ಬೆಳ್ಳಂದೂರು ಕೆರೆನ ಒಂದೇ ಇಲಾಖೆಗೆ ಕೊಟ್ಟು, ಒಬ್ಬ ಸ್ಟ್ರಿಕ್ಟ್ ಆಫೀಸರ್‌ನ ಹಾಕಿದ್ರೆ ಆರು ತಿಂಗಳಲ್ಲಿ ಸರಿ ಹೋಗಲ್ವಾ?"

ಹೋಗಲ್ಲ.

ಇಷ್ಟಕ್ಕೇ ನಿಲ್ಲಿಸ್ಬೋದಿತ್ತು. ಆದ್ರೆ ನಾನು ಕಾಲೇಜಲ್ಲಿ ಸಾರ್ವಜನಿಕ ಆಡಳಿತ ಪಾಠ ಮಾಡ್ತೀನಿ ಅಂತ ಗೊತ್ತಾದ ತಕ್ಷಣ ಮದುವೆ ಊಟದ ಪಂಕ್ತಿಯಲ್ಲೂ ಇದನ್ನೇ ಕೇಳ್ತಾರೆ, ಅದೂ ಉತ್ತರ ಅವರ ಹತ್ರ ಆಗ್ಲೇ ಇರುತ್ತೆ, ನಾನು ತಲೆ ಆಡಿಸಿದ್ರೆ ಸಾಕು. ಆ "ಸ್ಟ್ರಿಕ್ಟ್" ಅನ್ನೋದು ಕೇಳಿದ್ರೇ ನಂಗೆ ಉರಿಯುತ್ತೆ. ಯಾರಿಗೆ ಸ್ಟ್ರಿಕ್ಟು? ತನ್ನ ಕೈಕೆಳಗಿನ ಗುಮಾಸ್ತರಿಗೆ ಸ್ಟ್ರಿಕ್ಟ್ ಆದ್ರೆ ಪಕ್ಕದ ಇಲಾಖೆ ಪೈಪಲ್ಲಿ ಬರೋ ಕೊಳಚೆ ನಿಲ್ಲುತ್ತಾ?

ಕಳೆದ ವರ್ಷ ಸರ್ಜಾಪುರ ರಸ್ತೆ ಕಡೆ ಒಂದು ಗೃಹಪ್ರವೇಶದಲ್ಲಿ ನಮ್ಮ ದೂರದ ಸಂಬಂಧದ ಚಿಕ್ಕಪ್ಪ, ಬ್ಯಾಂಕಿಂದ ರಿಟೈರ್ ಆದವರು, ಹೋಳಿಗೆಗೆ ತುಪ್ಪ ಹಾಕಿಸ್ಕೊಳ್ತಾ ಇದನ್ನೇ ಎತ್ತಿದ್ರು. ನಾನೂ ಬಿಡ್ಲಿಲ್ಲ. "ಸರಿ ಚಿಕ್ಕಪ್ಪ, ನೀವೇ ಆ ಆಫೀಸರ್ ಅಂದ್ಕೊಳ್ಳಿ, ನಾಳೆ ಬೆಳಿಗ್ಗೆ ಯಾವ ಆಫೀಸಿಗೆ ಹೋಗ್ತೀರಾ?" ಅಂದೆ. "ಕೆರೆ ಯಾರದೋ ಅವರ ಆಫೀಸಿಗೆ" ಅಂದ್ರು.

ಕೆರೆ ಉಸ್ತುವಾರಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ್ದು, ಅಂದ್ರೆ ಬಿಡಿಎದು. ಹೋಗಿ ಕೂತ್ರಿ. ಸುಮಾರು ಒಂಬೈನೂರು ಎಕರೆ ಕೆರೆ, ಹೂಳು ತೆಗೆಸ್ಬೋದು, ಕಳೆ ತೆಗೆಸ್ಬೋದು, ಬೇಲಿ ಹಾಕ್ಸ್ಬೋದು. ಆದ್ರೆ ಕೆರೆಗೆ ಕೊಳಚೆ ಬರೋದು ರಾಜಕಾಲುವೆಯಿಂದ, ರಾಜಕಾಲುವೆ ಪಾಲಿಕೆದು. ಪಾಲಿಕೆಯವರನ್ನ ಕೇಳಿದ್ರೆ ನಮ್ಮ ಕಾಲುವೆ ಇರೋದು ಮಳೆನೀರಿಗೆ, ಕೊಳಚೆ ಬಂದ್ರೆ ಜಲಮಂಡಳಿನ ಕೇಳಿ ಅಂತಾರೆ. ಜಲಮಂಡಳಿಯವರು ಆ ಬಡಾವಣೆಗೆ ಇನ್ನೂ ಒಳಚರಂಡಿ ಲೈನ್ ಎಳೆದಿಲ್ಲ, ಎಳೀಬೇಕಂದ್ರೆ ರಸ್ತೆ ಅಗೀಬೇಕು, ಅಗೀಬೇಕಂದ್ರೆ ಪಾಲಿಕೆ ಪರ್ಮಿಷನ್ ಬೇಕು ಅಂತಾರೆ. ಲೈನ್ ಇಲ್ಲ ಅಂತ ಮನೆಯವರು ಬಾತ್ರೂಮ್‌ಗೆ ಹೋಗೋದು ಬಿಡಲ್ವಲ್ಲ, ಪೈಪನ್ನ ಕಾಲುವೆಗೆ ಬಿಡ್ತಾರೆ. ಮಾಲಿನ್ಯ ನಿಯಂತ್ರಣ ಮಂಡಳಿಯವರು ನೋಟಿಸ್ ಕೊಡ್ಬೋದು, ಕೊಟ್ಟೂ ಕೊಟ್ಟಿದ್ದಾರೆ, ಆದ್ರೆ ಜಲಮಂಡಳಿಯ ಕೊಳಚೆ ಶುದ್ಧೀಕರಣ ಘಟಕಕ್ಕೆ ಬೀಗ ಹಾಕೋಕಾಗುತ್ತಾ, ಹಾಕಿದ್ರೆ ಅಷ್ಟೂ ಕೊಳಚೆ ನೇರ ಕೆರೆಗೇ ಬರುತ್ತೆ.

ಇದ್ರಲ್ಲಿ ಯಾರೂ ಸುಳ್ಳು ಹೇಳ್ತಿಲ್ಲ ನೋಡಿ, ಅದೇ ಕಷ್ಟ. ಎಲ್ಲರೂ ಕಳ್ಳರಾಗಿದ್ರೆ ನಿಮ್ಮ ಸ್ಟ್ರಿಕ್ಟ್ ಆಫೀಸರ್ ಸಾಕಾಗ್ತಿದ್ದ.

ನೊರೆ ವಿಷಯನೂ ಹಾಗೇ. 2015ರಲ್ಲಿ ನೊರೆ ಹಾರಿ ರಸ್ತೆಗೆ ಬಂದಾಗ ಎಲ್ಲರೂ ಕೆರೆಯನ್ನೇ ನೋಡಿದ್ರು. ಬಟ್ಟೆ ಸೋಪಿನ ಪುಡಿಯಲ್ಲಿ ನೊರೆ ಬರಿಸೋ ರಾಸಾಯನಿಕ ಶುದ್ಧ ಆಗದ ಕೊಳಚೆ ಜೊತೆ ಬಂದು ತಳದ ಹೂಳಿಗೆ ಅಂಟ್ಕೊಂಡು ಕೂರುತ್ತೆ, ಮಳೆ ಬಂದಾಗ ಹೂಳು ಕದಡಿ ಮೇಲೆ ಬರುತ್ತೆ, ಕೋಡಿ ಹತ್ರ ನೀರು ಧುಮುಕಿದಾಗ ನೊರೆ ಏಳುತ್ತೆ. ಈಗ ಬರೀ ಹೂಳು ತೆಗೆದು ಕೊಳಚೆ ನಿಲ್ಲಿಸ್ದೇ ಇದ್ರೆ ಮತ್ತೆ ಹೂಳು ತುಂಬುತ್ತೆ. ಕೊಳಚೆ ನಿಲ್ಲಿಸಿ ಹೂಳು ಬಿಟ್ರೆ ಇನ್ನೂ ಎಷ್ಟೋ ಮಳೆಗಾಲ ಹಳೇ ಹೂಳೇ ನೊರೆ ಕೊಡುತ್ತೆ. ಅಂದ್ರೆ ಬಿಡಿಎ ಕೆಲಸ ಜಲಮಂಡಳಿ ಕೆಲಸ ಮುಗಿದ ಮೇಲೇ ಆಗ್ಬೇಕು, ಜಲಮಂಡಳಿ ಕೆಲಸ ಪಾಲಿಕೆ ರಸ್ತೆ ಬಿಟ್ಟುಕೊಟ್ಟ ಮೇಲೆ, ಮೂವರ ಟೆಂಡರ್ರೂ ಬೇರೆ ಬೇರೆ, ಬಜೆಟ್ಟೂ ಬೇರೆ ಬೇರೆ.

ಇಂಥದ್ದಕ್ಕೆ 1973ರಲ್ಲೇ ಹಾರ್ಸ್ಟ್ ರಿಟೆಲ್, ಮೆಲ್ವಿನ್ ವೆಬರ್ ಅಂತ ಇಬ್ಬರು ಪ್ರೊಫೆಸರ್‌ಗಳು ವಿಕೆಡ್ ಪ್ರಾಬ್ಲಮ್ ಅಂತ ಹೆಸರಿಟ್ರು. ಬರೀ ಕಷ್ಟದ ಸಮಸ್ಯೆ ಅಂತಲ್ಲ, ಇಲ್ಲಿ ಪರಿಹಾರಾನೇ ಇನ್ನೊಂದು ಸಮಸ್ಯೆ ಹುಟ್ಟಿಸುತ್ತೆ. ಬೆಳ್ಳಂದೂರು ಇರೋ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆನ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಕಳಿಸೋ ಕೆಸಿ ವ್ಯಾಲಿ ಯೋಜನೆ ಬಂತು, ದಿನಕ್ಕೆ 44 ಕೋಟಿ ಲೀಟರ್ ಲೆಕ್ಕ, ಮಾಡಿದ್ದು ಸಣ್ಣ ನೀರಾವರಿ ಇಲಾಖೆ. 2018ರಲ್ಲಿ ನೀರು ಹರಿದ ಸ್ವಲ್ಪ ದಿನಕ್ಕೇ ಕೋಲಾರದ ಕೆರೆಯಲ್ಲಿ ನೊರೆ ಕಾಣಿಸ್ತು, ಹೈಕೋರ್ಟ್ ತಡೆ ಕೊಡ್ತು. ನೀರಿಲ್ಲದ ಜಿಲ್ಲೆಗೆ ನೀರು ಬೇಕು, ಬೆಂಗಳೂರಿಗೆ ಅದನ್ನ ಕಳಿಸ್ಬೇಕು, ಎಷ್ಟು ಶುದ್ಧ ಮಾಡಿದ್ರೆ ಸಾಕು ಅನ್ನೋದ್ರಲ್ಲಿ ಜಗಳ. ಅದನ್ನ ಯಾವ ಒಂದು ಇಲಾಖೆಗೆ ಕೊಡ್ತೀರಾ?

ಚಿಕ್ಕಪ್ಪ ಅಷ್ಟೊತ್ತಿಗೆ ಎರಡನೇ ಹೋಳಿಗೆಗೆ ಬಂದಿದ್ರು. "ಹಾಗಾದ್ರೆ ಎಲ್ಲರನ್ನೂ ಸೇರಿಸಿ ಒಂದು ಕಮಿಟಿ ಮಾಡ್ಲಿ ಬಿಡಪ್ಪ" ಅಂದ್ರು. ಅಯ್ಯೋ, ಕಮಿಟಿಗೇನು ಬರ.

ನಂಗೆ ಯಾರಾದ್ರೂ ಕೇಳ್ಲಿ ಅಂತ ನಾನು ಕಾಯ್ತಿರೋ ಪ್ರಶ್ನೆ ಬೇರೆ: ಮೀಟಿಂಗಲ್ಲಿ ಒಪ್ಕೊಂಡು ಹೋದ ಕೆಲಸ ಒಂದು ಇಲಾಖೆ ಮಾಡ್ಲಿಲ್ಲ ಅಂದ್ರೆ ಅದಕ್ಕೆ ಏನಾಗುತ್ತೆ? ಹಲವು ಸಂಸ್ಥೆಗಳು ಸೇರಿ ಒಂದು ಕೆಲಸ ನಡೆಸೋದನ್ನ ನೆಟ್‌ವರ್ಕ್ ಗವರ್ನೆನ್ಸ್ ಅಂತ ನಾವು ಪಾಠ ಮಾಡ್ತೀವಲ್ಲ, ಅದರ ತಿರುಳೇ ಅದು. ಪ್ರೊವಾನ್ ಮತ್ತೆ ಕೆನಿಸ್ ಅನ್ನೋರು 2008ರಲ್ಲಿ ಇಂಥ ಕೂಟಗಳನ್ನ ನಡೆಸೋಕೆ ಮೂರು ದಾರಿ ಅಂದ್ರು: ಎಲ್ಲರೂ ಸಮಾನವಾಗಿ ಕೂತು ನಡೆಸೋದು, ಒಳಗಿರೋ ಒಬ್ಬರು ಮುಂದೆ ನಿಂತು ನಡೆಸೋದು, ಇಲ್ಲ ಇದಕ್ಕಂತಲೇ ಹೊರಗೆ ಒಂದು ಸಂಸ್ಥೆ ಕಟ್ಟೋದು.

ನಮ್ಮಲ್ಲಿ ಏನೇನಾಯ್ತು ನೋಡಿ. ಬಿಡಿಎ ಮುಂದೆ ನಿಂತ್ರೆ, ಲೇಔಟ್ ಮಾಡೋ ಸಂಸ್ಥೆ ಅದು, ಜಲಮಂಡಳಿ ಇಂಜಿನಿಯರ್‌ಗೆ ಅದರ ಪತ್ರ ಇನ್ನೊಂದು ಪತ್ರ ಅಷ್ಟೆ. ಹೊರಗೆ ಸಂಸ್ಥೆ ಬೇಕು ಅಂತ 2014ರ ಕಾಯ್ದೆಯಲ್ಲಿ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಬಂತು, ಆದ್ರೆ ಒಳಚರಂಡಿ ದುಡ್ಡು ಜಲಮಂಡಳಿ ಹತ್ರಾನೇ ಉಳೀತು, ಕಾಲುವೆ ದುಡ್ಡು ಪಾಲಿಕೆ ಹತ್ರ. 2018ರಲ್ಲಿ ಆ ಪ್ರಾಧಿಕಾರವೂ ಹೋಯ್ತು, ಕೆಲಸ ಇನ್ನೊಂದು ಪ್ರಾಧಿಕಾರಕ್ಕೆ ದಾಟ್ತು. ಅದೇ 2018ರ ಜನವರಿಯಲ್ಲಿ ಕೆರೆ ಅಂಗಳಕ್ಕೆ ಬೆಂಕಿ ಬಿದ್ದಾಗ ಆರಿಸೋಕೆ ಸಾವಿರಾರು ಸೈನಿಕರು ಇಳೀಬೇಕಾಯ್ತು, ಯಾಕಂದ್ರೆ ಪಕ್ಕದಲ್ಲಿ ಸೇನೆ ಜಾಗ ಇದೆ, ಅದು ದಿಲ್ಲಿಗೆ ಸೇರಿದ್ದು, ಅಂದ್ರೆ ಲೆಕ್ಕಕ್ಕೆ ಇನ್ನೊಬ್ಬರು.

ಮೀಟಿಂಗ್ ಮಿನಿಟ್ಸ್ ಬಿಟ್ಟು ಬೇರೆ ಏನಾದ್ರೂ ಆಗಿದ್ದು ಹಸಿರು ನ್ಯಾಯಮಂಡಳಿ ಕೈಗೆ ಹೋದ್ಮೇಲೆ. 2018ರ ಡಿಸೆಂಬರ್ ಆದೇಶದಲ್ಲಿ ಸರ್ಕಾರ 500 ಕೋಟಿನ ಎಸ್ಕ್ರೋ ಖಾತೆಗೆ ಹಾಕ್ಬೇಕು ಅಂತು, ಸರ್ಕಾರಕ್ಕೆ 50 ಕೋಟಿ, ಪಾಲಿಕೆಗೆ 25 ಕೋಟಿ ದಂಡ, ನಿವೃತ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅಧ್ಯಕ್ಷತೆಯಲ್ಲಿ ಸಮಿತಿ. ಎಸ್ಕ್ರೋ ಅನ್ನೋದು ಸಣ್ಣ ವಿಷಯ ಅಂದ್ಕೋಬೇಡಿ, ದುಡ್ಡನ್ನ ಈ ಕೆಲಸಕ್ಕೇ ಅಂತ ಬೇರೆ ಕಡೆ ಎತ್ತಿಡಿ ಅಂದ್ರೆ ನಾಳೆ ಫ್ಲೈಓವರ್‌ಗೆ ತಿರುಗಿಸೋಕಾಗಲ್ಲ. ಅದೂ ಅಲ್ದೆ ಯಾವ ಇಲಾಖೆ ಯಾವ ತಾರೀಕಿಗೆ ಏನು ಮಾಡ್ಬೇಕಿತ್ತು, ಮಾಡ್ತಾ ಅಂತ ಹೊರಗಿನವರು ಬಂದು ನೋಡಿ ಬರೀತಾರೆ. ಆಮೇಲೆ ಕೊಳಚೆನ ಪಕ್ಕದ ಚಾನಲ್‌ಗೆ ತಿರುಗಿಸಿ, ಕೆರೆ ಖಾಲಿ ಮಾಡಿ ಹೂಳು ತೆಗೆಯೋದು ಶುರು ಆಯ್ತು. ಹಾಗಂತ ಕೋರ್ಟೇ ಪರಿಹಾರ ಅಂತ ನಾನು ಹೇಳ್ತಿಲ್ಲ, ಕೋರ್ಟ್ ಕಣ್ಣು ಆಚೆ ಹೋದ್ರೆ ಪತ್ರ ವ್ಯವಹಾರ ಮತ್ತೆ ಶುರು. ಈಗಂತೂ ಪಾಲಿಕೆನೇ 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆ ಆಗಿದೆ, ಯಾವ ಕಾಲುವೆ ಯಾರ ಗಡಿಯಲ್ಲಿ ಅಂತ ಮೊದಲಿಂದ ಲೆಕ್ಕ ಹಾಕಿ.

ಚಿಕ್ಕಪ್ಪ ಕೈ ತೊಳೆಯೋಕೆ ಎದ್ದು, "ಕೆರೆ ಸರಿ ಆಯ್ತು ಅಂತ ಯಾರು ಹೇಳ್ಬೇಕು ಹಾಗಾದ್ರೆ?" ಅಂದ್ರು. ಅಷ್ಟೊತ್ತಿಗೆ ಒಂದು ಒಳ್ಳೆ ಪ್ರಶ್ನೆ ಬಂತು. ವಾಕಿಂಗ್ ಟ್ರ್ಯಾಕ್ ಆದ್ರೆ ಅಪಾರ್ಟ್‌ಮೆಂಟಿನವರಿಗೆ ಸರಿ ಆಯ್ತು. ವಾಸನೆ ಹೋದ್ರೆ ಸುತ್ತಲಿನವರಿಗೆ ಸರಿ ಆಯ್ತು. ಬೆಳ್ಳಂದೂರಿನ ನೀರು ವರ್ತೂರು ದಾಟಿ ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿಗೆ ಹೋಗುತ್ತೆ, ಹೊಸೂರಿನ ಕೆಲವರಪಳ್ಳಿ ಡ್ಯಾಮಲ್ಲಿ ನೊರೆ ಬಂದಾಗ ಅಲ್ಲಿನ ರೈತರೂ ನಮ್ಮ ಕಡೆಗೇ ಕೈ ತೋರಿಸ್ತಾರೆ. ಅವರನ್ನ ಈ ಕೆರೆ ಸರಿ ಆಯ್ತಾ ಅಂತ ಕೇಳ್ಬೇಕೋ ಬೇಡ್ವೋ ಅಂತ ಚಿಕ್ಕಪ್ಪನ್ನ ಕೇಳ್ದೆ, ಅವರು ಬೀಡಾ ಎಲ್ಲಿಟ್ಟಿದ್ದಾರೆ ಅಂತ ಹುಡುಕ್ತಾ ಹೋದ್ರು.